ಅವ್ವನ ಹುಟ್ಟಿದ ದಿನಕ್ಕೆ ಎಂಟು ಸಾಲು: ದೂರದ ಊರಿನಿಂದ ಪದ್ಯ ಬರೆಯುವ ಬಗೆ

ನಾನಿರುವುದು ಟೊರೊಂಟೊದಲ್ಲಿ. ಅವ್ವ ಇರುವುದು ಗದಗಿನ ಹತ್ತಿರದ ಒಂದು ಹಳ್ಳಿಯಲ್ಲಿ. ಹೋದ ಸಲ ಅವಳ ಹುಟ್ಟಿದ ದಿನಕ್ಕೆ ನಾನು ಎಂಟು ಸಾಲಿನ ಒಂದು ಪದ್ಯ ಬರೆದು ಕಳಿಸಿದೆ. ಅದನ್ನು ಬರೆಯಲು ಸುಮಾರು ಮೂರು ವಾರ ಹಿಡಿಯಿತು. ಹೇಗೆ ಬರೆದೆ, ಎಲ್ಲಿ ಎಡವಿದೆ, ಯಾವ ಸಾಲು ಯಾಕೆ ಬಿಟ್ಟೆ ಎಂಬುದನ್ನು ಹಂತ ಹಂತವಾಗಿ ಇಲ್ಲಿ ಇಡುತ್ತಿದ್ದೇನೆ. ತಾಯಿಯಿಂದ ದೂರ ಇರುವ ಹೆಣ್ಣುಮಕ್ಕಳು ತಮ್ಮ ತಮ್ಮ ಪದ್ಯ ಬರೆದುಕೊಳ್ಳಲು ಇದರಿಂದ ಒಂದು ದಾರಿ ಸಿಗಬಹುದು.

ಎಂಟೇ ಸಾಲು ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅವ್ವ ಓದುವುದು ಫೋನಿನಲ್ಲಿ. ಅಕ್ಷರ ದೊಡ್ಡದು ಮಾಡಿದರೂ ನಾಲ್ಕು ನಾಲ್ಕು ಸಾಲಿನ ಎರಡು ಪದ್ಯ ಒಂದೇ ಪರದೆಯಲ್ಲಿ ಕೂರುತ್ತವೆ. ಬೆರಳಿನಿಂದ ಮೇಲೆ ಕೆಳಗೆ ಸರಿಸಬೇಕಿಲ್ಲ. ಇನ್ನೊಂದು ಕಾರಣವೂ ಇದೆ. ಎಂಟು ಸಾಲು ಬಾಯಿಗೆ ಬರುತ್ತದೆ. ಇಪ್ಪತ್ತು ಸಾಲನ್ನು ಓದುತ್ತಾರೆ, ಎಂಟು ಸಾಲನ್ನು ನೆನಪಿಟ್ಟುಕೊಂಡು ಪಕ್ಕದ ಮನೆಯವರಿಗೆ ಹೇಳುತ್ತಾರೆ.

ಮೊದಲು, ಯಾವ ದಿನ ಎಂದು ಗೊತ್ತು ಮಾಡಿಕೊಳ್ಳಿ

ಇದು ಸಣ್ಣ ವಿಷಯ ಅನಿಸಬಹುದು. ಆದರೆ ನಮ್ಮ ತಾಯಂದಿರ ತಲೆಮಾರಿನಲ್ಲಿ ಎಷ್ಟೋ ಜನರಿಗೆ ಎರಡು ಹುಟ್ಟಿದ ದಿನಗಳಿವೆ. ಒಂದು ಶಾಲೆಯ ದಾಖಲೆಯಲ್ಲಿರುವುದು. ಹೆಸರು ಹಚ್ಚುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು. ಜೂನ್ 1 ಎಂಬ ತಾರೀಖು ಅಷ್ಟು ಜನರ ಕಾಗದದಲ್ಲಿ ಇರುವುದು ಅದಕ್ಕೇ. ಇನ್ನೊಂದು ಮನೆಯವರ ಬಾಯಲ್ಲಿರುವುದು: ಯುಗಾದಿ ಮರುದಿನ, ಮೊದಲ ಮಳೆ ಬಿದ್ದ ರಾತ್ರಿ, ಸೀಗಿ ಹುಣ್ಣಿಮೆ ಹಿಂದಿನ ದಿನ. ನಮ್ಮವ್ವ ಹುಟ್ಟಿದ್ದು ನಾಗರ ಪಂಚಮಿಯ ದಿನ. ಆಧಾರ್ ಕಾರ್ಡಿನಲ್ಲಿ ಬೇರೆ ಏನೋ ಇದೆ, ಅದನ್ನು ಅವಳೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪದ್ಯ ಕಳಿಸಬೇಕಾದದ್ದು ಅವಳು ನಂಬುವ ದಿನಕ್ಕೆ. ತಿಥಿಯ ದಿನವಾದರೆ ಅದು ಇಂಗ್ಲಿಷ್ ತಾರೀಖಿನಲ್ಲಿ ಪ್ರತಿ ವರ್ಷ ಜರುಗುತ್ತದೆ. ಪಂಚಮಿ 2022ರಲ್ಲಿ ಆಗಸ್ಟ್ 2ಕ್ಕೆ ಬಂತು. ಮರುವರ್ಷ ಅಧಿಕ ಶ್ರಾವಣ ಇದ್ದದ್ದರಿಂದ ಆಗಸ್ಟ್ 21ಕ್ಕೆ ಹೋಯಿತು. 2024ರಲ್ಲಿ ಆಗಸ್ಟ್ 9, 2025ರಲ್ಲಿ ಜುಲೈ 29. ಅಂದರೆ ಸಾಮಾನ್ಯ ವರ್ಷದಲ್ಲಿ ಹತ್ತು ಹನ್ನೆರಡು ದಿನ ಹಿಂದೆ ಬರುತ್ತದೆ, ಅಧಿಕ ಮಾಸ ಬಿದ್ದರೆ ಒಮ್ಮೆಲೇ ಮುಂದೆ ಹೋಗುತ್ತದೆ. ಹೋದ ವರ್ಷದ ತಾರೀಖನ್ನೇ ಫೋನಿನಲ್ಲಿ ಗುರುತು ಹಾಕಿಕೊಂಡರೆ ತಪ್ಪುತ್ತದೆ. ಪಂಚಾಂಗ ನೋಡುವಾಗಲೂ ಅವಳ ಊರಿನ ಪಂಚಾಂಗವನ್ನೇ ನೋಡಿ. ತಿಥಿ ಲೆಕ್ಕ ಸೂರ್ಯೋದಯಕ್ಕೆ ಅಂಟಿಕೊಂಡದ್ದು. ನಾವಿರುವ ಕಡೆಯ ಪಂಚಾಂಗದಲ್ಲಿ ಅದೇ ತಿಥಿ ಒಂದು ದಿನ ಆಚೀಚೆ ಬೀಳಬಹುದು.

ದಿನ ಗೊತ್ತಾದ ಮೇಲೆ ಪದ್ಯಕ್ಕೂ ಏನೋ ಸಿಗುತ್ತದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣ ತಮ್ಮಂದಿರು ಕರೆಯಲು ಹೋಗುತ್ತಾರೆ. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಮಾಡುತ್ತಾರೆ. ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಅವ್ವ ಹುಟ್ಟಿದ ದಿನವೇ ಮಗಳು ತವರಿಗೆ ಹೋಗಬೇಕಾದ ದಿನ. ಆ ಜೋಕಾಲಿ ಆಮೇಲೆ ನನ್ನ ಪದ್ಯಕ್ಕೆ ಬಂತು. ನಿಮ್ಮ ತಾಯಿಯ ದಿನದ ಸುತ್ತಮುತ್ತ ಯಾವ ಹಬ್ಬ, ಯಾವ ಬೆಳೆ, ಯಾವ ಹಣ್ಣಿನ ಕಾಲ ಇದೆ ಅಂತ ಒಮ್ಮೆ ನೋಡಿಕೊಳ್ಳಿ.

ಎರಡು ವಾರ ಏನೂ ಬರೆಯಬೇಡಿ, ಗುರುತು ಹಾಕಿಕೊಳ್ಳಿ

ಕುಳಿತ ಕೂಡಲೇ ಬರೆದರೆ ಏನು ಬರುತ್ತದೆ ಅಂತ ನನ್ನ ಮೊದಲ ಪ್ರಯತ್ನವೇ ತೋರಿಸುತ್ತದೆ:

ಕರುಣೆಯ ಕಡಲು, ಮಮತೆಯ ಮಡಿಲು,
ತ್ಯಾಗದ ಮೂರ್ತಿ ನೀನಮ್ಮ.

ಓದಲು ಚೆನ್ನಾಗಿಯೇ ಇದೆ. ಆದರೆ ಇದರಲ್ಲಿ ನಮ್ಮವ್ವ ಎಲ್ಲಿದ್ದಾಳೆ? ನಾನು ಅವಳನ್ನು ಅಮ್ಮ ಅಂತ ಕರೆಯುವುದೂ ಇಲ್ಲ. ಇಲ್ಲಿ ಒಂದು ಪರೀಕ್ಷೆ ಇದೆ. ಬರೆದ ಸಾಲನ್ನು ಪಕ್ಕದ ಮನೆಯವರ ತಾಯಿಗೆ ಹಾಗೆಯೇ ಕೊಡಲು ಆಗುತ್ತದೆಯಾ? ಆಗುವುದಾದರೆ ಅದು ನಿಮ್ಮ ತಾಯಿಗೆ ಬರೆದದ್ದಲ್ಲ, ತಾಯಿ ಎಂಬ ಪದಕ್ಕೆ ಬರೆದದ್ದು. ಕಡಲು, ಮಡಿಲು, ದೇವತೆ, ತ್ಯಾಗ, ಕಣ್ಣೀರು, ಋಣ: ಈ ಆರು ಪದ ಬಳಸುವುದಿಲ್ಲ ಅಂತ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡೆ.

ಆಮೇಲೆ ಎರಡು ವಾರ ಅವ್ವನ ಜೊತೆ ಮಾತಾಡಿ ಫೋನ್ ಇಟ್ಟ ಮೇಲೆ ಒಂದೇ ಸಾಲು ಬರೆದಿಡುತ್ತಾ ಹೋದೆ. ಅವಳು ಹೇಳಿದ್ದು ಏನು, ನನಗೆ ಕಂಡದ್ದು ಏನು, ಅಷ್ಟೇ. ಭಾವನೆ ಬರೆಯಲಿಲ್ಲ. ಪಟ್ಟಿಯಲ್ಲಿ ಇದ್ದವು ಇಂಥವು: ಅಲ್ಲಿ ಮಳೆ ಆತೇನು ಅಂತ ಕೇಳಿದಳು. ಹಾಲು ಉಕ್ಕುವುದನ್ನು ಫೋನ್ ತಿರುಗಿಸಿ ತೋರಿಸಿದಳು. ಗೋಡೆಯ ಮೇಲೆ ನನ್ನೂರಿನ ಹೊತ್ತಿಗೆ ಹೊಂದಿಸಿದ ಎರಡನೇ ಗಡಿಯಾರ ಇದೆ. ಸಂತೆಯಿಂದ ತಂದ ಬದನೆಕಾಯಿ ಚಲೋ ಇರಲಿಲ್ಲ. ಪರಿಚಯದವರ ಕೈಯಲ್ಲಿ ಕಳಿಸಿದ ಶೇಂಗಾ ಹಿಂಡಿಯ ಡಬ್ಬಿ ತಲುಪಿತಾ ಅಂತ ಮೂರು ಸಲ ಕೇಳಿದಳು.

ಆ ಡಬ್ಬಿ ತಲುಪಿತ್ತು. ಮುಚ್ಚಳ ಬಿಚ್ಚಿಕೊಳ್ಳಬಾರದು ಅಂತ ಅದರ ಮೇಲೆ ಹಳೆಯ ಸೀರೆಯ ಒಂದು ಪಟ್ಟಿ ಹರಿದು ಬಿಗಿಯಾಗಿ ಕಟ್ಟಿದ್ದಳು. ನೂಲಿನ ಸೀರೆ, ಕೆಂಪು ಅಂಚು. ಹಿಂಡಿ ಖಾಲಿಯಾಗುತ್ತಾ ಬಂದಿತ್ತು. ಪಟ್ಟಿಯನ್ನು ಮಾತ್ರ ನಾನು ಎಸೆದಿರಲಿಲ್ಲ. ಒಗೆದು ಅಡುಗೆಮನೆಯ ಕೊಕ್ಕೆಗೆ ಹಾಕಿದ್ದೆ.

ಎರಡು ವಾರ ಬರೆದಿಟ್ಟ ಸಾಲುಗಳಿಂದ ಒಂದನ್ನು ಆರಿಸುವಾಗ ನಾನು ನೋಡಿದ್ದು ಮೂರು ವಿಷಯ. ಅದನ್ನು ಕೈಯಿಂದ ಮುಟ್ಟಬಹುದಾ? ಅದು ನಮ್ಮಿಬ್ಬರಿಗೇ ಸೇರಿದ್ದಾ? ಅವಳ ಕೈ ಮುಟ್ಟಿದ್ದನ್ನು ನನ್ನ ಕೈಯೂ ಮುಟ್ಟಿದೆಯಾ? ಎರಡನೇ ಗಡಿಯಾರ ನನಗೆ ಬಹಳ ಇಷ್ಟವಾಗಿತ್ತು. ಆದರೆ ಅದು ಕೂಡಲೇ "ನಿನಗೆ ಬೆಳಗು, ನನಗೆ ರಾತ್ರಿ" ಎಂಬ ಕಡೆಗೆ ಎಳೆಯುತ್ತದೆ. ಹೊರದೇಶದಿಂದ ಬರೆದ ಪದ್ಯಗಳಲ್ಲಿ ಅದು ಬಂದು ಬಂದು ಸವೆದುಹೋಗಿದೆ. ಬಟ್ಟೆಯ ಪಟ್ಟಿ ಮೂರಕ್ಕೂ ಹೂಂ ಅಂತು. ಒಂದು ಪದ್ಯಕ್ಕೆ ಒಂದೇ ವಸ್ತು ಸಾಕು. ಹಾಲು, ಗಡಿಯಾರ, ಬದನೆಕಾಯಿ ಎಲ್ಲವನ್ನೂ ತುಂಬಿದರೆ ಅದು ಸಾಮಾನಿನ ಚೀಟಿ ಆಗುತ್ತದೆ.

ಹೇಗೆ ಕರೆಯುತ್ತೀರೋ ಹಾಗೆಯೇ ಬರೆಯಿರಿ

ಅವ್ವ, ಅಮ್ಮ, ಆಯಿ, ಅಬ್ಬೆ. ನಿಮ್ಮ ಮನೆಯಲ್ಲಿ ಯಾವುದೋ ಅದೇ ಇರಲಿ. ಪದ್ಯ ಅಂದ ಕೂಡಲೇ ಎಷ್ಟೋ ಜನ "ಮಾತೆ", "ಜನನಿ" ಅಂತ ಶುರು ಮಾಡುತ್ತಾರೆ. ತಾಯಿಗೆ ಅದು ಯಾರನ್ನೋ ಕರೆದ ಹಾಗೆ ಕೇಳುತ್ತದೆ. ಮನೆಯಲ್ಲಿ ನೀನು ಅನ್ನುವವರು ಪದ್ಯದಲ್ಲೂ ನೀನು ಅನ್ನಿ. ನೀವು ಅನ್ನುವ ಮನೆಯಾದರೆ ಪದ್ಯದಲ್ಲಿ ಸುಮ್ನೆ ನೀನು ಮಾಡಬೇಡಿ.

ಪೂರ್ತಿ ಆಡುಮಾತಿನಲ್ಲಿ ಬರೆಯಬೇಕಾ ಎಂಬುದು ಬೇರೆ ಪ್ರಶ್ನೆ. ನಾನು ಒಂದು ಸಲ ಹಾಗೆ ಬರೆದು ನೋಡಿದೆ. ಕಾಗದದ ಮೇಲೆ ಅದು ಓದಲು ತೊಡಕಾಯಿತು. ಅವ್ವ ಶಾಲೆಯಲ್ಲಿ ಕಲಿತ ಕನ್ನಡ ಓದುತ್ತಾಳೆ, ನಮ್ಮ ಮಾತನ್ನು ಕಿವಿಯಿಂದ ಕೇಳುತ್ತಾಳೆ. ಹಾಗಾಗಿ ವಾಕ್ಯ ಬರಹದ ಕನ್ನಡದಲ್ಲಿಟ್ಟೆ. ಹೆಸರು ಪದಗಳನ್ನು ಮಾತ್ರ ಮನೆಯವನ್ನೇ ಇಟ್ಟುಕೊಂಡೆ: ಹಿಂಡಿ, ಹಂಚು, ನಸುಕು, ಜೋಕಾಲಿ, ಸಂತೆ. ಹಿಂಡಿಯನ್ನು ಚಟ್ನಿಪುಡಿ ಅಂತ ಮಾಡಿದ್ದರೆ ಅರ್ಥ ಎಲ್ಲರಿಗೂ ಆಗುತ್ತಿತ್ತು. ಆದರೆ ಪದ್ಯ ಎಲ್ಲರಿಗಲ್ಲ ಅಲ್ವಾ.

ಅಳತೆ: ಹೈಸ್ಕೂಲಿನ ಲಘು ಗುರು ಈಗ ಬೇಕು

ಅಳತೆ ಇಲ್ಲದೆಯೂ ಪದ್ಯ ಬರೆಯಬಹುದು. ಆದರೆ ಓದುವವರು ತಾಯಿ, ಓದಿ ಬಾಯಲ್ಲಿ ಉಳಿಯಬೇಕು ಅನ್ನುವುದಾದರೆ ಅಳತೆ ಬಹಳ ನೆರವಾಗುತ್ತದೆ. ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕಿದ್ದು ನೆನಪಿರಬಹುದು. ಇಲ್ಲಿ ಬೇಕಾಗುವುದು ಅಷ್ಟೇ.

ಗಿಡ್ಡ ಸ್ವರದ ಅಕ್ಷರ ಲಘು, ಒಂದು ಮಾತ್ರೆ: ಅ, ಕ, ಳಿ, ಗೆ. ಉದ್ದ ಸ್ವರದ್ದು ಗುರು, ಎರಡು ಮಾತ್ರೆ: ಸೀ, ದಾ, ಜೋ, ಕೈ. ಅನುಸ್ವಾರ ಇದ್ದರೆ ಗುರು: ಅಂಚು ಎಂಬಲ್ಲಿ ಅಂ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಬಹಳ ಜನ ತಪ್ಪುವುದು ಇಲ್ಲಿ. ಬಟ್ಟೆ ಎಂಬಲ್ಲಿ ಗುರುವಾಗುವುದು ಒತ್ತು ಇರುವ ಟ್ಟೆ ಅಲ್ಲ, ಅದರ ಹಿಂದಿನ ಬ. ಸ್ವರವಿಲ್ಲದ ವ್ಯಂಜನ ಹಿಂದೆ ಅಂಟಿದರೂ ಗುರು: ಇಳಕಲ್ ಎಂಬಲ್ಲಿ ಕಲ್. ಇನ್ನು ಸಾಲಿನ ಕೊನೆಯ ಅಕ್ಷರ ಗಿಡ್ಡವಾಗಿದ್ದರೂ ಎಳೆದು ಗುರು ಮಾಡಿಕೊಳ್ಳಬಹುದು.

ನಾನು ಆರಿಸಿಕೊಂಡದ್ದು ನಾಲ್ಕು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಒಟ್ಟು ಹದಿನಾರು. ಹಳೆಯ ಮಂದಾನಿಲ ರಗಳೆಯ ಅಳತೆಯೂ ಇದೇ. ಕೈಯಿಂದ ಮೇಜಿನ ಮೇಲೆ ನಾಲ್ಕು ಸಲ ತಟ್ಟಿದರೆ ಒಂದು ಸಾಲು ಮುಗಿಯುತ್ತದೆ. ನಮ್ಮ ಮಾತಿನಲ್ಲಿ ಅಂಚನು, ಸೀರೆಯ, ಡಬ್ಬಿಗೆ, ಕಟ್ಟಿದ ಎಂಬಂಥ ಪದಗಳು ಬಹಳ. ಅವೆಲ್ಲ ತಾವಾಗಿಯೇ ನಾಲ್ಕು ಮಾತ್ರೆ. ಹಾಗಾಗಿ ಮೊದಲ ಸಲ ಬರೆಯುವವರಿಗೆ ಈ ಅಳತೆ ಸುಲಭ.

ಅವ್ವನ ಹತ್ತಿರ ಬೀಸುವ ಪದಗಳು ಇದ್ದವು. ಆ ತ್ರಿಪದಿಯಲ್ಲೇ ಬರೆಯಬೇಕೆಂಬ ಆಸೆ ನನಗಿತ್ತು. ಬಿಟ್ಟೆ. ತ್ರಿಪದಿ ಅಂಶಗಣದ್ದು. ಅದರಲ್ಲಿ ಅಕ್ಷರವನ್ನು ಎಳೆಯುವುದು, ಮುದುಡುವುದು ಹಾಡುವ ಬಾಯಿಯ ಮೇಲೆ ನಿಂತಿದೆ. ಕಾಗದದಲ್ಲಿ ಎಣಿಸಿ ಕಟ್ಟಿದರೆ ನಿಲ್ಲುವುದಿಲ್ಲ. ಬೀಸುಕಲ್ಲಿನ ಪದ ಕೇಳಿ ಬೆಳೆದು ಬಾಯಲ್ಲಿ ಅದು ಇರುವವರು ಧೈರ್ಯವಾಗಿ ಅದನ್ನೇ ಹಿಡಿಯಿರಿ.

ಈಗ ಮೊದಲ ಸಾಲು. ಮನಸ್ಸಿನಲ್ಲಿ ಬಂದದ್ದನ್ನು ಹಾಗೆಯೇ ಬರೆದೆ:

ನೀನು ಕಳಿಸಿದ ಶೇಂಗಾ ಹಿಂಡಿ ಡಬ್ಬಿಗೆ ಕಟ್ಟಿದ್ದ ಬಟ್ಟೆ

ಎಣಿಸಿದರೆ 26 ಮಾತ್ರೆ. ಹತ್ತು ಹೋಗಬೇಕು. "ನೀನು ಕಳಿಸಿದ" ಬೇಡ, ಕಳಿಸಿದವಳಿಗೆ ಅದು ಗೊತ್ತು. "ಶೇಂಗಾ" ಬೇಡ, ಯಾವ ಹಿಂಡಿ ಅಂತಲೂ ಗೊತ್ತು. ತಾಯಿಗೆ ಬರೆಯುವ ಪದ್ಯದಲ್ಲಿ ಇದೊಂದು ಅನುಕೂಲ ಇದೆ. ಬೇರೆಯವರಿಗೆ ವಿವರಿಸಬೇಕಾದ ಎಷ್ಟೋ ಮಾತನ್ನು ಅವಳಿಗೆ ಹೇಳಬೇಕಿಲ್ಲ. ಅವಳಿಗೆ ಗೊತ್ತಿದ್ದದ್ದನ್ನೆಲ್ಲ ತೆಗೆದೆ. ಉಳಿದದ್ದು:

ಹಿಂಡಿಯ | ಡಬ್ಬಿಗೆ | ಕಟ್ಟಿದ | ಬಟ್ಟೆ

ಹಿಂ 2, ಡಿ 1, ಯ 1. ಡ 2, ಬ್ಬಿ 1, ಗೆ 1. ಕ 2, ಟ್ಟಿ 1, ದ 1. ಬ 2, ಟ್ಟೆ 1, ಕೊನೆಗೆ ಎಳೆದುಕೊಂಡರೆ 2. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು.

ಎಣಿಕೆ ಸರಿಯಾದರೆ ಸಾಲು ಸರಿಯಾಯಿತು ಅಂತಲ್ಲ. ಎರಡನೇ ಪದ್ಯಕ್ಕೆ ನಾನು ಹೀಗೊಂದು ಸಾಲು ಬರೆದಿದ್ದೆ: "ಪಂಚಮಿ ಜೋಕಾಲಿ ತೂಗಲಿ ಹೇಗೆ". ಇದೂ ಹದಿನಾರೇ ಮಾತ್ರೆ. ಆದರೆ ತಟ್ಟುತ್ತಾ ಓದಿ ನೋಡಿ. ಪಂಚಮಿ, ಜೋಕಾ, ಲಿತೂಗ, ಲಿಹೇಗೆ ಅಂತ ಒಡೆಯುತ್ತದೆ. ಕೊನೆಯ ಎರಡು ಗಣದಲ್ಲಿ ತಟ್ಟು ಲಘುವಿನ ಮೇಲೆ ಬಿದ್ದು, ಗುರು ನಡುವೆ ಸಿಕ್ಕಿಕೊಳ್ಳುತ್ತದೆ. ನಾಲಿಗೆ ಎಡವುತ್ತದೆ. ಗಣದ ಮೊದಲ ಅಕ್ಷರ ಗುರುವಾಗಿರಲಿ, ಇಲ್ಲವೇ ಎರಡು ಲಘು ಜೋಡಿಯಾಗಿ ಬರಲಿ. ಆಗ ಎಡವುವುದಿಲ್ಲ. ಅದನ್ನು "ಜೋಕಾ | ಲಿಯ ನಾ | ಜೀಕಲಿ | ಹೇಗೆ" ಅಂತ ಮಾಡಿದ ಮೇಲೆ ಸರಾಗವಾಯಿತು. ಜೀಕುವುದು ಎಂಬ ಮಾತು ಸಿಕ್ಕಿದ್ದೂ ಆಗಲೇ. ಜೋಕಾಲಿಗೆ ನಮ್ಮ ಕಡೆಯ ನಿಜವಾದ ಮಾತು ಅದು. ಪಂಚಮಿ ಎಂಬ ಪದ ಹೋಯಿತು ಅಂತ ಮೊದಲು ಬೇಜಾರಾಯಿತು. ಆದರೆ ಆ ದಿನ ಹುಟ್ಟಿದವಳಿಗೆ ಜೋಕಾಲಿ ಅಂದರೆ ಸಾಕು.

ಇನ್ನೊಂದು ಅಪಾಯ, ಮಾತ್ರೆ ಕಡಿಮೆ ಬಿದ್ದಾಗ ತುಂಬಿಸುವ ಪದಗಳದ್ದು. ತಾ, ಇಹ, ಗಡ, ಸುಮ್ಮನೆ ಬಂದ ನಾ. ನನ್ನ ಏಳನೇ ಸಾಲು ಮೊದಲು "ಅಂಚನು ಬೆರಳಿಗೆ ಸುತ್ತಿರುವೆನು ನಾ" ಅಂತ ಇತ್ತು. ಅಳತೆ ಸರಿ ಇದೆ. ಆದರೆ ಕೊನೆಯ ನಾ ಬರೀ ತುಂಬಲು ಬಂದದ್ದು, ಸುತ್ತಿರುವೆನು ಎಂಬುದು ನಾನು ಬಾಯಲ್ಲಿ ಆಡುವ ಮಾತೂ ಅಲ್ಲ. ಅದನ್ನು "ಸುತ್ತಿದೆನವ್ವ" ಮಾಡಿದೆ. ಉಳಿದ ಜಾಗಕ್ಕೆ ಅವಳನ್ನೇ ಕರೆದ ಹಾಗಾಯಿತು. ಮಾತ್ರೆ ಕಡಿಮೆ ಬಿದ್ದರೆ ಮೊದಲು ತಾಯಿಯನ್ನು ಕರೆಯುವ ಪದ ಅಲ್ಲಿ ಕೂರುತ್ತದಾ ನೋಡಿ.

ಪ್ರಾಸ: ಕೊನೆಯ ಸಾಲಿನ ಪದ ಮೊದಲು ಹುಡುಕಿ

ನಾಲ್ಕೂ ಸಾಲಿಗೆ ಪ್ರಾಸ ಹಾಕಲು ಹೋದರೆ ಪದ್ಯ ಪ್ರಾಸದ ಹಿಂದೆ ಓಡುತ್ತದೆ. ಎರಡನೇ ಸಾಲಿಗೂ ನಾಲ್ಕನೇ ಸಾಲಿಗೂ ಹೊಂದಿಸಿದರೆ ಕಿವಿಗೆ ಸಾಕು. ಬಂದೆ, ತಂದೆ, ನಿಂದೆ, ಎಂದೆ ಅಂತ ಕ್ರಿಯಾಪದದ ಬಾಲ ಹೊಂದಿಸುವುದು ಕನ್ನಡದಲ್ಲಿ ತೀರಾ ಸುಲಭ. ಸುಲಭವಾದ್ದರಿಂದಲೇ ಅದು ಕೇಳಿಸುವುದಿಲ್ಲ. ಒಂದು ಕಡೆಯಾದರೂ ವಸ್ತುವಿನ ಹೆಸರು ಇರಲಿ.

ನನ್ನ ಎರಡನೇ ಸಾಲು ಅಂಚು ಎಂಬಲ್ಲಿ ಮುಗಿಯುತ್ತಿತ್ತು. ಹೊಂದುವ ಪದಗಳನ್ನೆಲ್ಲ ಬರೆದುಕೊಂಡೆ: ಮಿಂಚು, ಹೊಂಚು, ಸಂಚು, ಹಂಚು. ಮಿಂಚು ಬೇಡ, ಪದ್ಯದಲ್ಲಿ ಮಿಂಚು ಬಂದರೆ ಎಲ್ಲೋ ಆಕಾಶಕ್ಕೆ ಹೋಗುತ್ತದೆ. ಹೊಂಚು, ಸಂಚು ಎರಡೂ ಕೆಟ್ಟ ಅರ್ಥದವು. ಹಂಚು ನೋಡಿದಾಗ ಕೈ ನಿಂತಿತು. ನಮ್ಮ ಕಡೆ ಹಂಚು ಅಂದರೆ ರೊಟ್ಟಿ ಬೇಯಿಸುವ ಹಂಚು. ಅವ್ವ ನಸುಕಿನಲ್ಲಿ ಎದ್ದು ಒಲೆಯ ಮೇಲೆ ಇಡುವುದು ಅದನ್ನೇ. ಬಟ್ಟೆಯ ಗಂಟು ಬಿಚ್ಚಿದಾಗ ಮೂಗಿಗೆ ಬಂದ ವಾಸನೆಯಲ್ಲೂ ಅದು ಇತ್ತು. ಹಿಂಡಿಯ ವಾಸನೆ ಅಷ್ಟೇ ಅಲ್ಲ, ಹೊಗೆ ಹಿಡಿದ ಬಟ್ಟೆಯ ವಾಸನೆ. ಪ್ರಾಸ ನನಗೆ ನಾನು ಮರೆತಿದ್ದ ಒಂದು ವಿಷಯ ಹುಡುಕಿಕೊಟ್ಟಿತು. ಹೀಗೆ ಆಗದಿದ್ದರೆ, ಅಂದರೆ ಹೊಂದುವ ಪದಗಳಲ್ಲಿ ಒಂದೂ ನಿಮ್ಮ ಮನೆಯದಲ್ಲದಿದ್ದರೆ, ಎರಡನೇ ಸಾಲಿನ ಕೊನೆಯ ಪದವನ್ನೇ ಬದಲಿಸಿ. ಪ್ರಾಸಕ್ಕಾಗಿ ಸುಳ್ಳು ಸೇರಿಸಬೇಡಿ. ತಾಯಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಎರಡನೇ ಪದ್ಯಕ್ಕೆ ಹೇಗೆ, ಹಾಗೆ ಎಂಬ ಜೋಡಿ ಸಿಕ್ಕಿತು. ಸಾದಾ ಪದಗಳು. ಮೊದಲಿನದರಲ್ಲಿ ಅಂಚು ಹಂಚು ಗಟ್ಟಿಯಾಗಿ ಕೇಳಿದ ಮೇಲೆ ಇದು ಮೆತ್ತಗಿದ್ದರೆ ಚೆಂದ ಅನಿಸಿತು.

ಬರಲಾಗಲಿಲ್ಲ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ

ದೂರದಲ್ಲಿರುವ ಮಗಳ ಪದ್ಯದಲ್ಲಿ ಈ ಮಾತು ಬಂದೇ ಬರುತ್ತದೆ. ಬರಬೇಕು ಕೂಡ. ನನ್ನ ನಾಲ್ಕನೇ ಕರಡಿನಲ್ಲಿ ಎಂಟರಲ್ಲಿ ಐದು ಸಾಲು ಅದೇ ಇತ್ತು. ಕ್ಷಮಿಸು, ಬರಲಾಗಲಿಲ್ಲ, ನಿನ್ನನ್ನು ಒಂಟಿ ಮಾಡಿದೆ, ನನ್ನ ತಪ್ಪು. ಒಂದು ರಾತ್ರಿ ಅದನ್ನು ಅವ್ವನ ಕಣ್ಣಿನಿಂದ ಓದಿದೆ. ಹುಟ್ಟಿದ ದಿನ ಬೆಳಿಗ್ಗೆ ಅವಳು ಇದನ್ನು ಓದಿದರೆ ಏನು ಮಾಡುತ್ತಾಳೆ? ಮಗಳಿಗೆ ಮೈಯಲ್ಲಿ ಹುಷಾರಿಲ್ಲವೇನೋ, ಅಲ್ಲಿ ಏನಾದರೂ ತೊಂದರೆ ಆಗಿದೆಯೇನೋ ಅಂತ ಕಾಳಜಿ ಮಾಡುತ್ತಾಳೆ. ಆಮೇಲೆ ನನ್ನನ್ನು ಸಮಾಧಾನ ಮಾಡಲು ಕೂರುತ್ತಾಳೆ. ಅವಳ ದಿನದಲ್ಲಿ ಆ ಕೆಲಸ ಅವಳಿಗೆ ಕೊಡಬಾರದು.

ಹಾಗಾಗಿ ಒಂದೇ ಸಾಲು: "ನೀ ಹುಟ್ಟಿದ ದಿನ ಬರಲಾಗಿಲ್ಲ". ನೀಹುಟ್, ಟಿದ ದಿನ, ಬರಲಾ, ಗಿಲ್ಲ. ಕಾರಣ ಇಲ್ಲ, ಕ್ಷಮೆ ಇಲ್ಲ. ಅದರ ಮುಂದಿನ ಸಾಲಿನಲ್ಲಿ ಜೋಕಾಲಿ. ಆಮೇಲೆ ಮತ್ತೆ ವಸ್ತುವಿಗೆ ಬಂದೆ. ಪದ್ಯ ಎಲ್ಲಿ ಶುರುವಾಯಿತೋ ಆ ಬಟ್ಟೆಗೆ ಕೊನೆಯಲ್ಲಿ ಮರಳಬೇಕು, ಆದರೆ ಬಟ್ಟೆ ಈಗ ಬೇರೆ ಏನೋ ಆಗಿರಬೇಕು. ಡಬ್ಬಿಗೆ ಕಟ್ಟಿದ್ದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಾಗ ನನಗೆ ನೆನಪಾದದ್ದು ಸಂತೆಯ ದಾರಿ. ಗದ್ದಲದಲ್ಲಿ ಕೈ ತಪ್ಪಬಾರದು ಅಂತ ಅವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಡೆಯುತ್ತಿದ್ದೆ. ಅದೇ ಕೊನೆಯ ಸಾಲಾಯಿತು. ಅಲ್ಲಿಗೆ ನಿಲ್ಲಿಸಿದೆ. "ನೂರು ವರ್ಷ ಬಾಳು" ಎಂಬ ಹಾರೈಕೆಯನ್ನು ಪದ್ಯದ ಹೊರಗೆ, ಫೋನಿನಲ್ಲಿ ಹೇಳಿದರಾಯಿತು.

ಪೂರ್ತಿ ಪದ್ಯ ಹೀಗೆ ನಿಂತಿತು:

ಹಿಂಡಿಯ ಡಬ್ಬಿಗೆ ಕಟ್ಟಿದ ಬಟ್ಟೆ
ಅವ್ವಾ, ನಿನ್ನದೆ ಸೀರೆಯ ಅಂಚು.
ಗಂಟನು ಬಿಚ್ಚಲು ಮೂಗಿಗೆ ಬಂತು
ನಸುಕಿನ ಒಲೆಯಲಿ ರೊಟ್ಟಿಯ ಹಂಚು.

ನೀ ಹುಟ್ಟಿದ ದಿನ ಬರಲಾಗಿಲ್ಲ,
ಜೋಕಾಲಿಯ ನಾ ಜೀಕಲಿ ಹೇಗೆ?
ಅಂಚನು ಬೆರಳಿಗೆ ಸುತ್ತಿದೆನವ್ವ,
ಸಂತೆಯ ದಾರಿಯ ಸೆರಗಿನ ಹಾಗೆ.

ಬರೆದು ಮುಗಿದ ಮೇಲೆ ಎರಡು ದಿನ ಮುಚ್ಚಿಡಿ. ಆಮೇಲೆ ಜೋರಾಗಿ ಓದಿ. ಓದುವಾಗ ಯಾವ ಪದದಲ್ಲಿ ದನಿ ತಾನಾಗಿ ಬದಲಾಗಿ ಕವಿತೆ ಓದುವ ದನಿ ಆಗುತ್ತದೋ ಆ ಪದ ಸಂಶಯದ್ದು, ಅದನ್ನು ಇನ್ನೊಮ್ಮೆ ನೋಡಿ.

ಕಳಿಸುವುದು

ಪದ್ಯವನ್ನು ನಾನು ದಪ್ಪ ಪೆನ್ನಿನಲ್ಲಿ ಬಿಳಿ ಹಾಳೆಯ ಮೇಲೆ ಕೈಯಿಂದ ಬರೆದು, ಹಗಲ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿದೆ. ಟೈಪ್ ಮಾಡಿದರೆ ಒತ್ತಕ್ಷರ ತಪ್ಪುವುದು, ಹಳೆಯ ಫೋನಿನಲ್ಲಿ ಸಾಲು ಎಲ್ಲೆಂದರಲ್ಲಿ ಮುರಿಯುವುದು ಆಗುತ್ತದೆ. ಸಾಲು ಮುರಿದರೆ ಅಳತೆಯೂ ಮುರಿಯಿತು. ಜೊತೆಗೆ ಅವ್ವನಿಗೆ ನನ್ನ ಕೈಬರಹ ನೋಡಿ ವರ್ಷಗಳಾಗಿದ್ದವು.

ಓದಲು ಬಾರದ ತಾಯಿಯಾದರೆ, ಕಣ್ಣು ಮಂಜಾಗಿದ್ದರೆ, ದನಿಯಲ್ಲಿ ಕಳಿಸಿ. ಎಂಟು ಸಾಲಿಗೆ ಅರ್ಧ ನಿಮಿಷ ಸಾಕು. ಎರಡು ಪದ್ಯದ ನಡುವೆ ಒಂದು ಉಸಿರಿನಷ್ಟು ಬಿಡಿ. ಹಿನ್ನೆಲೆ ಸಂಗೀತ ಬೇಡ, ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಮಾತನ್ನು ನುಂಗಿಬಿಡುತ್ತದೆ.

ಹೊತ್ತಿನ ಲೆಕ್ಕ ಸರಿಯಾಗಿ ಹಾಕಿ. ಬೇಸಿಗೆಯಲ್ಲಿ ಟೊರೊಂಟೊ ನಮ್ಮ ಊರಿಗಿಂತ ಒಂಬತ್ತೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಗಡಿಯಾರ ತಿರುಗಿಸುವುದರಿಂದ ಅದು ಹತ್ತೂವರೆ ಆಗುತ್ತದೆ. ಅವ್ವ ಹಂಚು ಒಲೆಗಿಟ್ಟು, ರೊಟ್ಟಿ ಮುಗಿಸಿ, ಚಹಾ ಹಿಡಿದು ಕೂರುವುದು ಆರು ಗಂಟೆಗೆ. ನನಗೆ ಆಗ ಹಿಂದಿನ ದಿನದ ರಾತ್ರಿ ಎಂಟೂವರೆ. ಆ ಹೊತ್ತಿಗೇ ಕಳಿಸಿದೆ. ನಡುರಾತ್ರಿ ಹನ್ನೆರಡಕ್ಕೆ ಕಳಿಸುವ ರೂಢಿ ನಮ್ಮ ವಯಸ್ಸಿನವರಿಗೆ ಸರಿ. ಅಪರಾತ್ರಿಯಲ್ಲಿ ಹೊರದೇಶದಿಂದ ಫೋನ್ ಸದ್ದಾದರೆ ತಾಯಂದಿರ ಎದೆ ಮೊದಲು ಹೆದರುತ್ತದೆ. ಮನೆಯ ಗುಂಪಿಗೂ ಹಾಕಬೇಡಿ. ಮೊದಲು ಅವಳೊಬ್ಬಳಿಗೆ. ಬೇಕಿದ್ದರೆ ಅವಳೇ ತೋರಿಸುತ್ತಾಳೆ.

ತಪ್ಪಿದ್ದರೆ ತಿದ್ದಿ

ಒಂದು ಹಂತವನ್ನು ನಾನು ಬಿಟ್ಟುಬಿಟ್ಟಿದ್ದೆ. ಪದ್ಯದಲ್ಲಿ ಬರುವ ಸಂಗತಿ ನಿಜವೇ ಅಂತ ಮನೆಯವರ ಹತ್ತಿರ ಕೇಳಿ ನೋಡುವುದು. ಅಕ್ಕನನ್ನೋ ಅಪ್ಪನನ್ನೋ ಬೇರೆ ನೆಪದಲ್ಲಿ ಕೇಳಬಹುದಿತ್ತು. ಬಟ್ಟೆ ಅವ್ವನದೇ ಅಂತ ನಾನೇ ಅಂದುಕೊಂಡಿದ್ದೆ.

ಆರೂಕಾಲಿಗೆ ಫೋನ್ ಬಂತು. ಅವ್ವ ಪದ್ಯವನ್ನು ಒಮ್ಮೆ ಪೂರ್ತಿ ಓದಿ ಹೇಳಿದಳು. ಎಲ್ಲೂ ಎಡವಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅದು ನನ್ನ ಸೀರಿ ಅಲ್ಲ ತಂಗಿ, ನಿಮ್ಮಜ್ಜೀದು. ಕೌದಿ ಹೊಲಿದು ಒಂದು ತುಂಡು ಉಳಿದಿತ್ತು. ನಾನೂ ಸಣ್ಣಾಕಿದ್ದಾಗ ಸಂತಿಗೆ ಹೋಗಬೇಕಾದ್ರ ಅದರ ಸೆರಗ ಹಿಡ್ಕೊಂಡು ಹೋಗ್ತಿದ್ದೆ."

ಫೋನ್ ಇಟ್ಟ ಮೇಲೆ ಹಾಳೆ ತೆಗೆದು ಎರಡನೇ ಸಾಲು ನೋಡಿದೆ. "ನಿನ್ನವ್ವನ" ಅಂತ ಹಾಕಿದರೆ ಎರಡು ಮಾತ್ರೆ ಜಾಸ್ತಿಯಾಗಿ ತಟ್ಟು ತಪ್ಪುತ್ತದೆ. "ನಿನ್ನದೆ" ಎಂಬುದು ನಾಲ್ಕು ಮಾತ್ರೆ, ಗುರು ಲಘು ಲಘು. ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇನ್ನೊಂದು ಪದ ಕೂತಿತು. ಉಳಿದ ಏಳು ಸಾಲು ಮುಟ್ಟಬೇಕಾಗಲಿಲ್ಲ. ಇನ್ನೊಂದು ಹಾಳೆಯಲ್ಲಿ ಬರೆದು ಮತ್ತೆ ಕಳಿಸಿದೆ:

ಹಿಂಡಿಯ ಡಬ್ಬಿಗೆ ಕಟ್ಟಿದ ಬಟ್ಟೆ
ಅವ್ವಾ, ಅಜ್ಜಿಯ ಸೀರೆಯ ಅಂಚು.